ಬಾಟ್‌ಗೆ ಬೈಯೋಕೆ ಮುಂಚೆ, ನಾವು ಓದಿಸಿದ್ದೇನು ಅಂತ ನೋಡೋಣ

ಕಳೆದ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ಸೇರಿ ಒಂದು ಮಿನಿ ಪ್ರಾಜೆಕ್ಟ್ ಮಾಡಿದ್ವಿ. ಕಾಲೇಜಿನ ನಿಯಮಗಳ ಪುಸ್ತಕ, ಸ್ಕೀಮ್, ಪರೀಕ್ಷೆಯ ಸುತ್ತೋಲೆಗಳು, ಎಲ್ಲಾ ಪಿಡಿಎಫ್‌ಗಳನ್ನೂ ಒಂದು ಚಾಟ್‌ಬಾಟ್‌ಗೆ ಕೊಡೋದು. ಯಾರಾದ್ರೂ ಪ್ರಶ್ನೆ ಕೇಳಿದ್ರೆ ಅದು ಆ ಕಾಗದಗಳಲ್ಲೇ ಹುಡುಕಿ ಉತ್ತರ ಹೇಳಬೇಕು. ಆಫೀಸಿನ ಕಿಟಕಿ ಮುಂದೆ ಕ್ಯೂ ನಿಲ್ಲೋದು ತಪ್ಪುತ್ತೆ ಅಂತ ನಮ್ಮ ಆಸೆ. ಡೆಮೋ ದಿನ ಚೆನ್ನಾಗೇ ನಡೀತು. ಗೈಡ್ ಕೂಡ ಖುಷಿ ಆದ್ರು.

ಮರುದಿನ ಹಾಸ್ಟೆಲ್‌ನಲ್ಲಿ ನನ್ನ ರೂಮ್‌ಮೇಟ್ ಕೇಳಿದ್ಳು: "ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್‌ಗೆ ಎಷ್ಟು ಕ್ರೆಡಿಟ್?" ಬಾಟ್ ಒಂದು ಸೆಕೆಂಡೂ ಯೋಚಿಸದೆ 2 ಅಂತು. ಸ್ಕೀಮ್‌ನಲ್ಲಿ ಇರೋದು 1. ಅವಳು ಆಗ್ಲೇ ಎಸ್‌ಜಿಪಿಎ ಲೆಕ್ಕ ಹಾಕ್ತಾ ಕೂತಿದ್ಳು. "ನಿಮ್ಮ ಬಾಟ್ ನಂಬಿದ್ರೆ ನಾನು ಪಾಸ್, ಸ್ಕೀಮ್ ನಂಬಿದ್ರೆ ಕಷ್ಟ" ಅಂತ ನಕ್ಕಳು. ನಮಗೆ ನಗು ಬರಲಿಲ್ಲ.

ಆಮೇಲೆ ಒಂದು ವಾರ ನಾವು ಮಾಡಿದ್ದು ಎಲ್ಲರೂ ಮಾಡೋದೇ. ಮಾಡೆಲ್ ಬದಲಾಯಿಸಿದ್ವಿ. ಪ್ರಾಂಪ್ಟ್‌ನಲ್ಲಿ "ದಯವಿಟ್ಟು ಸರಿಯಾಗಿ ಓದು" ಅಂತ ಐದು ಥರ ಬರೆದ್ವಿ. ತುಂಡುಗಳ ಅಳತೆ ದೊಡ್ಡದು ಮಾಡಿದ್ವಿ, ಚಿಕ್ಕದು ಮಾಡಿದ್ವಿ. ಉತ್ತರ ಒಮ್ಮೆ 2 ಬರ್ತಿತ್ತು, ಒಮ್ಮೆ 1 ಬರ್ತಿತ್ತು. ಕೊನೆಗೆ ಟೀಮಿನ ಒಬ್ಬ ಸುಸ್ತಾಗಿ ಕೇಳಿದ: "ಮಗಾ, ಅದಕ್ಕೆ ನಾವು ನಿಜವಾಗ್ಲೂ ಏನ್ ಕೊಟ್ಟಿದೀವಿ ಅಂತ ಯಾರಾದ್ರೂ ನೋಡಿದೀರಾ?"

ಯಾರೂ ನೋಡಿರಲಿಲ್ಲ. ಪಿಡಿಎಫ್ ನೋಡಿದ್ವಿ, ಉತ್ತರ ನೋಡಿದ್ವಿ. ಎರಡರ ನಡುವೆ ಪಿಡಿಎಫ್‌ನಿಂದ ಹೊರಬಂದು ಬಾಟ್ ಒಳಗೆ ಹೋದ ಪಠ್ಯವನ್ನ ನಾಲ್ಕು ಜನರಲ್ಲಿ ಒಬ್ಬರೂ ತೆರೆದು ಓದಿರಲಿಲ್ಲ. ಈ ಲೇಖನದಲ್ಲಿ ನಾನು ಹೇಳೋಕೆ ಹೊರಟಿರೋದು ಇಷ್ಟೇ: ಕಾಗದ ಓದಿ ಉತ್ತರ ಹೇಳೋ ಬಾಟ್ ಮಾಡೋರು ಆ ನಡುವಿನ ಪಠ್ಯವನ್ನ ಕಣ್ಣಾರೆ ಓದದೆ, ಲೆಕ್ಕ ಹಾಕಿ ಪರೀಕ್ಷಿಸದೆ ಒಂದು ಪುಟವನ್ನೂ ಒಳಗೆ ಬಿಡಬಾರದು.

ಪಿಡಿಎಫ್‌ನಲ್ಲಿ ಕೋಷ್ಟಕ ಅನ್ನೋದೇ ಇಲ್ಲ

ಇದು ನನಗೆ ಗೊತ್ತಿರಲಿಲ್ಲ, ನಿಮ್ಮಲ್ಲೂ ತುಂಬಾ ಜನಕ್ಕೆ ಗೊತ್ತಿರಲಿಕ್ಕಿಲ್ಲ. ವರ್ಡ್ ಅಥವಾ ಎಕ್ಸೆಲ್ ಫೈಲ್‌ನಲ್ಲಿ ಟೇಬಲ್ ಅಂದ್ರೆ ಟೇಬಲ್ಲೇ. ಸಾಲು, ಕಾಲಂ, ಸೆಲ್ ಎಲ್ಲಾ ಫೈಲ್ ಒಳಗೇ ಬರೆದಿರುತ್ತೆ. ಸಾಮಾನ್ಯ ಪಿಡಿಎಫ್‌ನಲ್ಲಿ ಇರೋದು ಬರೀ ಇಡೋ ಸೂಚನೆಗಳು: ಈ ಅಕ್ಷರವನ್ನ ಪುಟದ ಈ ಜಾಗದಲ್ಲಿ ಇಡು, ಅಲ್ಲಿಂದ ಇಲ್ಲಿಗೆ ಒಂದು ಗೆರೆ ಎಳಿ. ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ. ಯಾವ ಚುಕ್ಕಿ ಯಾವುದಕ್ಕೆ ಸೇರುತ್ತೆ ಅಂತ ನೋಡೋರ ಕಣ್ಣಿಗೆ ಗೊತ್ತು, ಚುಕ್ಕಿಗೆ ಗೊತ್ತಿಲ್ಲ. ಟ್ಯಾಗ್ ಮಾಡಿದ ಪಿಡಿಎಫ್ ಅಂತ ಒಂದು ಬಗೆ ಇದೆ, ಅದರಲ್ಲಿ ಇದು ಟೇಬಲ್, ಇದು ತಲೆಸಾಲು ಅಂತ ಗುರುತು ಇರಬಹುದು. ನಮಗೆ ಸಿಕ್ಕ ಫೈಲ್‌ಗಳಲ್ಲಿ ಒಂದಕ್ಕೂ ಇರಲಿಲ್ಲ.

ನಮ್ಮ ಸ್ಕೀಮ್ ಕೋಷ್ಟಕ ಕಣ್ಣಿಗೆ ಹೀಗೆ ಕಾಣುತ್ತೆ. ಎಲ್ಲಾ ಸಾಲು ಬೇಡ, ಎರಡು ಸಾಕು.

```
No  Course               L  T  P  Cr  CIE  SEE
1   Mathematics III      3  1     4   50   50
6   Data Structures Lab        2  1   50   50
```

ಮೊದಲ ಮೂರು ಅಂಕಿಯ ಕಾಲಂಗಳು ವಾರಕ್ಕೆ ಎಷ್ಟು ಗಂಟೆ ಲೆಕ್ಚರ್, ಟ್ಯುಟೋರಿಯಲ್, ಪ್ರಾಕ್ಟಿಕಲ್ ಅನ್ನೋದು. ನಾಲ್ಕನೆಯದು ಕ್ರೆಡಿಟ್. ಲ್ಯಾಬ್‌ಗೆ ಲೆಕ್ಚರ್ ಇಲ್ಲ, ಟ್ಯುಟೋರಿಯಲ್ ಇಲ್ಲ, ಅದಕ್ಕೇ ಆ ಎರಡು ಸೆಲ್ ಖಾಲಿ. ನಮ್ಮ ಕಣ್ಣು ಆ ಖಾಲಿ ಜಾಗವನ್ನ ಓದುತ್ತೆ. ಆದ್ರೆ ಪಿಡಿಎಫ್‌ನಲ್ಲಿ ಖಾಲಿ ಜಾಗಕ್ಕೆ ಯಾವ ಸೂಚನೆಯೂ ಇಲ್ಲ, ಯಾಕಂದ್ರೆ ಅಲ್ಲಿ ಇಡೋಕೆ ಏನೂ ಇಲ್ಲ. ಪಠ್ಯ ತೆಗೆಯೋ ಪ್ರೋಗ್ರಾಂಗೆ ಆ ಸಾಲಿನಲ್ಲಿ ಕಾಣೋದು `2 1 50 50` ಅನ್ನೋ ನಾಲ್ಕು ಅಂಕಿ. ತಲೆಸಾಲಲ್ಲಿ ಆರು ಹೆಸರಿವೆ. ಯಾವ ಅಂಕಿ ಯಾವ ಹೆಸರಿಗೆ ಸೇರಬೇಕು?

ನಾಚಿಕೆಯ ಭಾಗ ಈಗ ಹೇಳ್ತೀನಿ. ನಾವು ಬಳಸಿದ `pdftotext -layout` ಅಕ್ಷರಗಳ ಜಾಗವನ್ನ ಆದಷ್ಟು ಕಾಪಾಡಿ, ಖಾಲಿ ಕಡೆ ಸ್ಪೇಸ್ ತುಂಬಿ ಕೊಟ್ಟಿತ್ತು. ಮೇಲಿನ ಚಿತ್ರದ ಹಾಗೇ ಇತ್ತು ಅದು. ಆಮೇಲೆ ನಾನೇ "ಪಠ್ಯ ಕ್ಲೀನ್ ಮಾಡೋಣ" ಅಂತ ಈ ಒಂದು ಸಾಲು ಬರೆದಿದ್ದೆ:

```python
text = " ".join(text.split())
```

ಎಷ್ಟು ಸ್ಪೇಸ್ ಇದ್ರೂ ಒಂದಾಗಿಸು, ಸಾಲುಗಳನ್ನೆಲ್ಲಾ ಸೇರಿಸು ಅಂತ ಇದರ ಅರ್ಥ. ಯಾವುದೋ ಟ್ಯುಟೋರಿಯಲ್‌ನಲ್ಲಿ ನೋಡಿದ್ದು. ಕಾಲಂಗಳನ್ನ ಹಿಡಿದಿಟ್ಟಿದ್ದ ಒಂದೇ ಆಧಾರ ಆ ಸ್ಪೇಸ್‌ಗಳು, ಅವನ್ನೇ ನಾನು ಗುಡಿಸಿ ಹಾಕಿದೆ. ಬಾಟ್ ಕೈಗೆ ಸಿಕ್ಕಿದ್ದು "ಲ್ಯಾಬ್ 2 1 50 50". ಕ್ರೆಡಿಟ್ ಎಷ್ಟು ಅಂತ ಕೇಳಿದ್ರೆ ಅದು 2 ಅಂದಿದ್ರಲ್ಲಿ ಅದರ ತಪ್ಪೇನು? ಅದೇ ಸಾಲನ್ನ ನಿಮ್ಮ ಕೈಗೆ ಕೊಟ್ಟು ಕೇಳಿದ್ರೆ ನೀವೂ ಊಹೆ ಮಾಡಬೇಕಿತ್ತು.

ಸರಿಪಡಿಸಿದ್ದು ಹೇಗೆ

ನಮ್ಮ ಕೋಷ್ಟಕಕ್ಕೆ ಗೆರೆಗಳಿದ್ದವು. ಹಾಗಾಗಿ `pdfplumber` ಬಳಸಿದ್ವಿ. ಅದರ ಕೋಷ್ಟಕ ಹುಡುಕೋ ವಿಧಾನ ಸಾಮಾನ್ಯವಾಗಿ ಎಳೆದ ಗೆರೆಗಳನ್ನೇ ನೋಡಿ, ಅವು ಕೂಡುವ ಜಾಗಗಳಿಂದ ಸೆಲ್ ಕಟ್ಟುತ್ತೆ. ಆಮೇಲೆ ಪ್ರತಿ ಸೆಲ್ ಒಳಗೆ ಯಾವ ಅಕ್ಷರ ಬಿದ್ದಿದೆ ಅಂತ ನೋಡುತ್ತೆ. ಖಾಲಿ ಸೆಲ್ ಖಾಲಿಯಾಗಿಯೇ ಬರುತ್ತೆ, ಮಾಯ ಆಗಲ್ಲ.

```
['6', 'Data Structures Lab', '', '', '2', '1', '50', '50']
```

ಎಂಟು ಕಾಲಂ, ಎಂಟು ಬೆಲೆ. ಇದು ಬಂದಾಗ ನಾವು ಕ್ಯಾಂಟೀನ್‌ನಲ್ಲಿ ಕೂಗಿಕೊಂಡ್ವಿ.

ಆದ್ರೆ ಇಲ್ಲೊಂದು ಸೂಕ್ಷ್ಮ ಇದೆ. ಕೆಲವು ಜಾಗದಲ್ಲಿ `''` ಬರುತ್ತೆ, ಕೆಲವು ಜಾಗದಲ್ಲಿ `None` ಬರುತ್ತೆ. ಎರಡೂ ಒಂದೇ ಅಂದುಕೊಂಡು ನಾವು ಮತ್ತೊಮ್ಮೆ ಎಡವಿದ್ವಿ. `''` ಅಂದ್ರೆ ಸೆಲ್ ಇದೆ, ಒಳಗೆ ಏನೂ ಬರೆದಿಲ್ಲ. `None` ಅಂದ್ರೆ ಆ ಜಾಗದಲ್ಲಿ ಬೇರೆ ಸೆಲ್ಲೇ ಇಲ್ಲ, ಪಕ್ಕದ್ದೋ ಮೇಲಿನದ್ದೋ ಇಲ್ಲಿಯವರೆಗೂ ಚಾಚಿಕೊಂಡಿದೆ. ಉದಾಹರಣೆಗೆ ತಲೆಸಾಲಲ್ಲಿ "ವಾರದ ಗಂಟೆಗಳು" ಅಂತ ಒಂದೇ ಅಗಲ ಸೆಲ್ ಇದ್ದು, ಅದರ ಕೆಳಗೆ ಮೂರು ಕಾಲಂ ಇರುತ್ತೆ. ಆಗ ಮೊದಲನೆಯದಕ್ಕೆ ಹೆಸರು ಬಂದು ಉಳಿದೆರಡಕ್ಕೆ `None` ಬರುತ್ತೆ. ತಲೆಸಾಲಿನ `None`ಗೆ ಎಡಗಡೆಯ ಹೆಸರು ತುಂಬಬೇಕು. ಕೆಳಗಿನ ಸಾಲುಗಳಲ್ಲಿ ಮೇಲಿನ ಸೆಲ್ ಚಾಚಿಕೊಂಡಿದ್ರೆ ಮೇಲಿನ ಬೆಲೆ ತುಂಬಬೇಕು. ಆದ್ರೆ `''` ಇರೋ ಕಡೆ ಮೇಲಿನದನ್ನ ತುಂಬಿದ್ರೆ ಕೆಟ್ಟಿತು. ಲ್ಯಾಬ್‌ಗೆ ಮೇಲಿನ ಥಿಯರಿ ವಿಷಯದ 3 ಗಂಟೆ ಲೆಕ್ಚರ್ ಬಂದು ಕೂರುತ್ತೆ.

ಖಾಲಿ ಸೆಲ್‌ಗೆ ಏನು ಅರ್ಥ ಅನ್ನೋದನ್ನೂ ಪ್ರೋಗ್ರಾಂ ಹೇಳಲ್ಲ, ನಾವೇ ನಿರ್ಧರಿಸಬೇಕು. ಗಂಟೆಯ ಕಾಲಂನಲ್ಲಿ ಖಾಲಿ ಅಂದ್ರೆ 0. ಶುಲ್ಕದ ಪಟ್ಟಿಯಲ್ಲಿ ಖಾಲಿ ಅಂದ್ರೆ "ಇವರಿಗೆ ಅನ್ವಯಿಸಲ್ಲ" ಇರಬಹುದು, "ಮೇಲಿನಷ್ಟೇ" ಅಂತಲೂ ಇರಬಹುದು. ಅಲ್ಲಿ 0 ಅಂತ ತುಂಬಿದ್ರೆ ಬಾಟ್ "ನಿಮಗೆ ಫೀಸ್ ಇಲ್ಲ" ಅನ್ನುತ್ತೆ. ಯಾರದ್ದೋ ಮನೆಯಲ್ಲಿ ಅದನ್ನ ನಂಬ್ತಾರೆ.

ಕೋಷ್ಟಕ ಸಿಕ್ಕ ಮೇಲೆ ಅದನ್ನ ಹಾಗೇ ಬಾಟ್‌ಗೆ ಹಾಕೋದೂ ಸರಿಯಲ್ಲ. ಈ ಥರದ ಬಾಟ್ ಕಾಗದವನ್ನ ತುಂಡು ತುಂಡು ಮಾಡಿ ಇಟ್ಟುಕೊಂಡು, ಪ್ರಶ್ನೆಗೆ ಹತ್ತಿರವಾದ ಕೆಲವೇ ತುಂಡುಗಳನ್ನ ಎತ್ತಿ ಮಾಡೆಲ್‌ಗೆ ಕೊಡುತ್ತೆ. ಉದ್ದ ಕೋಷ್ಟಕದ ಮಧ್ಯದಲ್ಲಿ ಕತ್ತರಿ ಬಿದ್ರೆ ತಲೆಸಾಲು ಒಂದು ತುಂಡಲ್ಲಿ, ಲ್ಯಾಬ್ ಸಾಲು ಇನ್ನೊಂದರಲ್ಲಿ. ಅದಕ್ಕೇ ನಾವು ಪ್ರತಿ ಸಾಲಿಗೂ ಅದರ ತಲೆಸಾಲನ್ನ ಹೊರಿಸಿ ಕಳಿಸಿದ್ವಿ:

```
Sem 3 | Course: Data Structures Lab | Lecture hrs/week: 0 |
Tutorial hrs/week: 0 | Practical hrs/week: 2 | Credits: 1 |
CIE: 50 | SEE: 50 | page 14
```

ನೋಡೋಕೆ ಉದ್ದ, ಹೇಳಿದ್ದೇ ಹೇಳಿದ ಹಾಗೆ. ಆದ್ರೆ ಈ ಸಾಲು ಒಂಟಿಯಾಗಿ ಎಲ್ಲಿಗೆ ಹೋದ್ರೂ ಅದರ ಅರ್ಥ ಅದರ ಜೊತೆಗೇ ಹೋಗುತ್ತೆ. ಕೊನೆಯ ಪುಟ ಸಂಖ್ಯೆ ಯಾಕೆ ಅಂದ್ರೆ, ಬಾಟ್ ಉತ್ತರದ ಜೊತೆ "ಪುಟ 14 ನೋಡಿ" ಅಂತ ಹೇಳಲಿ, ಅನುಮಾನ ಇದ್ದವರು ತೆರೆದು ನೋಡಲಿ ಅಂತ.

ಗೆರೆ ಇಲ್ಲದ ಕೋಷ್ಟಕಗಳೂ ಇದ್ದವು. ಅಲ್ಲಿ ಅಕ್ಷರಗಳ ಸಾಲು ಹೊಂದಿಕೆ ನೋಡಿ ಕಾಲಂ ಊಹಿಸೋ ವಿಧಾನ ಇದೆ, ಆದ್ರೆ ಎರಡು ಸಾಲಿಗೆ ಮುರಿದ ವಿಷಯದ ಹೆಸರು ಬಂದ್ರೆ ಅದು ಎರಡು ಸಾಲು ಕೋಷ್ಟಕ ಅಂದುಕೊಳ್ಳುತ್ತೆ. ಅಂಥ ಎರಡು ಪುಟಗಳಿಗೆ ನಾವೇ ಅಳೆದು, ಕಾಲಂ ಎಲ್ಲಿ ಶುರುವಾಗುತ್ತೆ ಅಂತ `explicit_vertical_lines`ನಲ್ಲಿ ಅಂಕಿ ಕೊಟ್ವಿ. ಹತ್ತು ನಿಮಿಷದ ಕೆಲಸ.

ಲೆಕ್ಕವೇ ಸಾಕ್ಷಿ

ಸರಿಯಾಗಿ ಬಂತು ಅಂತ ಗೊತ್ತಾಗೋದು ಹೇಗೆ? ನೂರಾರು ಸಾಲುಗಳನ್ನ ಕಣ್ಣಲ್ಲೇ ಹೋಲಿಸೋಕೆ ಆಗಲ್ಲ. ನನಗೆ ತುಂಬಾ ಇಷ್ಟವಾದ ಭಾಗ ಇದು, ಯಾಕಂದ್ರೆ ಕೋಷ್ಟಕಗಳು ತಮ್ಮ ತಪ್ಪನ್ನ ತಾವೇ ಒಪ್ಪಿಕೊಳ್ತವೆ. ನಮ್ಮ ಪುಸ್ತಕದ ಪ್ರಕಾರ ವಾರಕ್ಕೆ 1 ಗಂಟೆ ಲೆಕ್ಚರ್ ಅಥವಾ ಟ್ಯುಟೋರಿಯಲ್‌ಗೆ 1 ಕ್ರೆಡಿಟ್, 2 ಗಂಟೆ ಪ್ರಾಕ್ಟಿಕಲ್‌ಗೆ 1 ಕ್ರೆಡಿಟ್. ಅಂದ್ರೆ ಪ್ರತಿ ಸಾಲಿಗೂ `L + T + P/2 = Cr` ಆಗಬೇಕು. ಗಣಿತಕ್ಕೆ 3 + 1 + 0 = 4, ಸರಿ. ಲ್ಯಾಬ್‌ಗೆ 0 + 0 + 1 = 1, ಸರಿ. ಹಳೆಯ ಕೆಟ್ಟ ಓದಿನಲ್ಲಿ ಅಂಕಿಗಳು ಎಡಕ್ಕೆ ಸರಿದು ಲೆಕ್ಚರ್ 2, ಟ್ಯುಟೋರಿಯಲ್ 1, ಪ್ರಾಕ್ಟಿಕಲ್ 50, ಕ್ರೆಡಿಟ್ 50 ಆಗಿತ್ತು. 2 + 1 + 25 ಎಲ್ಲಿ, 50 ಎಲ್ಲಿ! ಈ ಒಂದು ಸಾಲು ಕೋಡ್ ಮೊದಲೇ ಬರೆದಿದ್ರೆ ನಮ್ಮ ಒಂದು ವಾರ ಉಳೀತಿತ್ತು.

ಇನ್ನೊಂದು ಸಾಕ್ಷಿ, ಕೋಷ್ಟಕದ ಕೆಳಗಿನ ಒಟ್ಟು. ಮೂರನೇ ಸೆಮಿಸ್ಟರ್‌ಗೆ ಒಟ್ಟು 20 ಕ್ರೆಡಿಟ್ ಅಂತ ಅಚ್ಚಾಗಿದೆ. ನಾವು ತೆಗೆದ ಸಾಲುಗಳನ್ನ ಕೂಡಿದ್ರೆ 4 + 3 + 4 + 3 + 3 + 1 + 1, ಅಂದ್ರೆ 19. ಪ್ರತಿ ಸಾಲೂ ತನ್ನ ಮಟ್ಟಿಗೆ ಸರಿ ಇದೆ, ಮೊತ್ತ ಮಾತ್ರ ಇಲ್ಲ. ಹುಡುಕಿದ್ರೆ ಎಂಟನೇ ವಿಷಯ, 1 ಕ್ರೆಡಿಟ್‌ನ ಸಂವಹನ ಕೌಶಲ, ಮುಂದಿನ ಪುಟಕ್ಕೆ ಹೋಗಿ ಒಂಟಿಯಾಗಿ ಕೂತಿತ್ತು. ಅಲ್ಲಿ ತಲೆಸಾಲು ಇರಲಿಲ್ಲ. ನಮ್ಮ ಪ್ರೋಗ್ರಾಂ ಆ ಸಾಲನ್ನೇ ತಲೆಸಾಲು ಅಂದುಕೊಂಡು ಎಸೆದಿತ್ತು. ಆಮೇಲೆ ನಿಯಮ ಮಾಡಿದ್ವಿ: ಪುಟದ ತುದಿಯಲ್ಲಿ ಮುಗಿದ ಕೋಷ್ಟಕ, ಮುಂದಿನ ಪುಟದ ನೆತ್ತಿಯಲ್ಲಿ ಅಷ್ಟೇ ಕಾಲಂಗಳ ಕೋಷ್ಟಕ ಇದ್ರೆ ಎರಡೂ ಒಂದೇ, ಹಿಂದಿನ ತಲೆಸಾಲನ್ನೇ ಬಳಸು.

ಈ ಲೆಕ್ಕಕ್ಕೂ ಮಿತಿ ಇದೆ. ಕ್ರೆಡಿಟ್ ಇಲ್ಲದ ಯೋಗ, ಎನ್‌ಎಸ್‌ಎಸ್ ಥರದವು ಸೂತ್ರಕ್ಕೆ ಹೊಂದಲ್ಲ. ಪ್ರೋಗ್ರಾಂ ಕೆಂಪು ಬಾವುಟ ತೋರಿಸುತ್ತೆ, ಮನುಷ್ಯರು ನೋಡಿ ಪರವಾಗಿಲ್ಲ ಅನ್ನಬೇಕು. ಎರಡು ತಪ್ಪು ಒಂದನ್ನೊಂದು ಸರಿದೂಗಿಸಿದ್ರೆ ಮೊತ್ತ ಸುಮ್ಮನಿರುತ್ತೆ. ಆದ್ರೂ ಏನೂ ಪರೀಕ್ಷೆ ಮಾಡದೇ ಇರೋದಕ್ಕಿಂತ ಇದು ಎಷ್ಟೋ ವಾಸಿ.

ಸುಮ್ಮನಿದ್ದ ಪುಟಗಳು

ಕ್ರೆಡಿಟ್ ಕಥೆ ನಗುವಲ್ಲಿ ಮುಗೀತು. ಇದು ಮುಗೀಲಿಲ್ಲ.

ಪೂರಕ ಪರೀಕ್ಷೆಯ ಅರ್ಜಿಗೆ ಮೊದಲು ಬಂದ ಸುತ್ತೋಲೆಯಲ್ಲಿ ಕೊನೆ ದಿನ 24 ಅಂತ ಇತ್ತು. ಆಮೇಲೆ ಅದನ್ನ 21ಕ್ಕೆ ಹಿಂದಕ್ಕೆ ತಂದು ಇನ್ನೊಂದು ಸುತ್ತೋಲೆ ಬಂತು. ಎರಡೂ ಪಿಡಿಎಫ್‌ಗಳನ್ನ ನಾವು ಬಾಟ್‌ಗೆ ಹಾಕಿದ್ವಿ. ಫಸ್ಟ್ ಇಯರ್‌ನ ಒಬ್ಬ ಹುಡುಗ ಬಾಟ್‌ನ ಕೇಳಿ, 24 ಅಂತ ಓದಿ, 23ಕ್ಕೆ ಫಾರ್ಮ್ ಹಿಡಿದು ಹೋದ. ಕಿಟಕಿ ಮುಚ್ಚಿತ್ತು. ದಂಡ ಕಟ್ಟಿ, ಸಹಿಗಾಗಿ ಎರಡು ದಿನ ಓಡಾಡಿ ಅರ್ಜಿ ಹಾಕಿದ. ನನ್ನ ಹತ್ರ ಬಂದು "ಅಕ್ಕಾ, ನೀವು ಮಾಡಿದ್ದಲ್ವಾ ಅದು?" ಅಂತ ಕೇಳಿದ ಅಷ್ಟೇ. ಬೈದಿದ್ರೆ ಚೆನ್ನಾಗಿರ್ತಿತ್ತು. ದಂಡದ ದುಡ್ಡನ್ನ ನಾವು ನಾಲ್ಕು ಜನ ಹಂಚಿಕೊಂಡು ಕೊಟ್ವಿ, ಓಡಾಡಿದ ಎರಡು ದಿನ ಕೊಡೋಕೆ ಆಗಲಿಲ್ಲ.

ಆಗಿದ್ದೇನು ಅಂದ್ರೆ, ಎರಡನೇ ಸುತ್ತೋಲೆ ಸ್ಕ್ಯಾನ್ ಮಾಡಿದ್ದು. ಪ್ರಿಂಟ್ ತೆಗೆದು, ಸಹಿ ಹಾಕಿ, ಸೀಲ್ ಒತ್ತಿ, ಮತ್ತೆ ಸ್ಕ್ಯಾನ್ ಮಾಡಿ ಹಾಕಿದ ಪುಟ. ಅದರಲ್ಲಿ ಅಕ್ಷರಗಳೇ ಇಲ್ಲ, ಇಡೀ ಪುಟ ಒಂದು ಫೋಟೋ. ಪಠ್ಯ ತೆಗೆಯೋ ಪ್ರೋಗ್ರಾಂ ಖಾಲಿ ಕೊಟ್ಟಿತು. ತಪ್ಪು ಅಂತ ಎಲ್ಲೂ ಹೇಳಲಿಲ್ಲ, ಯಾಕಂದ್ರೆ ಅದರ ಲೆಕ್ಕದಲ್ಲಿ ಅದು ತಪ್ಪೇ ಅಲ್ಲ. ಬಾಟ್ ಕೈಯಲ್ಲಿ ಉಳಿದಿದ್ದು ಹಳೆಯ ಸುತ್ತೋಲೆ ಮಾತ್ರ. ಅದು ಧೈರ್ಯವಾಗಿ 24 ಅಂತು.

ಇಂಥ ಪುಟ ಪತ್ತೆ ಮಾಡೋಕೆ ಬೇಕಾಗೋದು ಇಷ್ಟೇ ಕೋಡ್:

```python
import pdfplumber
with pdfplumber.open("circular.pdf") as pdf:
    for n, p in enumerate(pdf.pages, 1):
        t = p.extract_text() or ""
        print(n, len(t), len(p.images))
```

ಪುಟ ಸಂಖ್ಯೆ, ಅಕ್ಷರಗಳ ಎಣಿಕೆ, ಚಿತ್ರಗಳ ಎಣಿಕೆ. `1 0 1` ಅಂತ ಬಂದ್ರೆ ಅದು ಸ್ಕ್ಯಾನ್. ನಮ್ಮ 23 ಸುತ್ತೋಲೆಗಳನ್ನ ಹೀಗೆ ನೋಡಿದಾಗ 9 ಖಾಲಿ ಬಂದವು. ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಕಾಗದ ಬಾಟ್‌ಗೆ ಇಲ್ಲವೇ ಇಲ್ಲ, ನಮಗೆ ಮಾತ್ರ ಎಲ್ಲಾ ಹಾಕಿದೀವಿ ಅನ್ನೋ ನಂಬಿಕೆ.

ಇವಕ್ಕೆ ಓಸಿಆರ್ ಬೇಕು, ಅಂದ್ರೆ ಚಿತ್ರ ನೋಡಿ ಅಕ್ಷರ ಗುರುತಿಸೋದು. ನಾವು ಟೆಸೆರಾಕ್ಟ್ ಅನ್ನ `ocrmypdf` ಮೂಲಕ ಓಡಿಸಿದ್ವಿ.

```
ocrmypdf -l kan+eng --rotate-pages --deskew --skip-text in.pdf out.pdf
```

ಕನ್ನಡ ಮತ್ತು ಇಂಗ್ಲಿಷ್ ಎರಡೂ ಹುಡುಕು, ತಲೆಕೆಳಗಾದ ಪುಟ ತಿರುಗಿಸು, ಓರೆಯಾಗಿದ್ರೆ ನೆಟ್ಟಗೆ ಮಾಡು, ಈಗಾಗಲೇ ಪಠ್ಯ ಇರೋ ಪುಟ ಮುಟ್ಟಬೇಡ ಅಂತ. ಸ್ಕ್ಯಾನ್ ಸುಮಾರು 300 ಡಿಪಿಐ ಇದ್ರೆ ಓದು ಚೆನ್ನಾಗಿ ಬರುತ್ತೆ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ನಾಲ್ಕು ಗುಂಪು ಸುತ್ತಿ ಬಂದ ಸುತ್ತೋಲೆ ಇದ್ರೆ ಅದನ್ನ ಬಿಟ್ಟು ಮೂಲ ಫೈಲ್ ಕೇಳಿ ತನ್ನಿ.

ಓಸಿಆರ್ ವಾಕ್ಯಗಳನ್ನ ತಪ್ಪು ಓದಿದ್ರೆ ಅಷ್ಟು ಭಯ ಇಲ್ಲ, ಸುತ್ತಲಿನ ಪದಗಳಿಂದ ಅರ್ಥ ಆಗುತ್ತೆ. ಅಂಕಿ ತಪ್ಪಿದ್ರೆ ಸುತ್ತಲೂ ಯಾರೂ ಕಾಪಾಡಲ್ಲ. 21 ಹೋಗಿ 27 ಆದ್ರೆ ಅದೂ ಒಂದು ತಾರೀಖೇ. ಕನ್ನಡದಲ್ಲಿ ಇನ್ನೊಂದು ತಮಾಷೆ ಇದೆ. ಅನುಸ್ವಾರ ಮತ್ತು ಶೂನ್ಯ ಎರಡನ್ನೂ ನಾವು "ಸೊನ್ನೆ" ಅಂತೀವಿ, ಎರಡೂ ನೋಡೋಕೆ ದುಂಡಗೇ. ಕಾಗದದ ಮೇಲೆ ಕನ್ನಡ ಅಂಕಿಯ ೧೦ ಇದ್ರೆ ಓಸಿಆರ್ ಅದನ್ನ ೧ ಮತ್ತು ಅನುಸ್ವಾರ ಅಂತ ಓದಬಹುದು. ಕಣ್ಣಿಗೆ ಹತ್ತೇ ಕಾಣುತ್ತೆ, ಕಂಪ್ಯೂಟರ್‌ಗೆ ಅದು ಅಂಕಿಯೇ ಅಲ್ಲ, ಹುಡುಕಿದ್ರೆ ಸಿಗಲ್ಲ.

ಟೆಸೆರಾಕ್ಟ್ ಪ್ರತಿ ಪದಕ್ಕೂ ಎಷ್ಟು ಖಾತ್ರಿ ಅಂತ ಒಂದು ಅಂಕಿ ಕೊಡುತ್ತೆ. ಮೊದಲು ನಾವು ಖಾತ್ರಿ ಕಡಿಮೆ ಇರೋದನ್ನ ಮಾತ್ರ ನೋಡೋಣ ಅಂದುಕೊಂಡ್ವಿ. ಆದ್ರೆ ಅದು ಪೂರ್ತಿ ಖಾತ್ರಿಯಿಂದಲೂ ತಪ್ಪು ಓದಬಹುದು. ಕೊನೆಗೆ ಇದ್ದಿದ್ದೇ 9 ಪುಟ. ಇಬ್ಬರು ಕೂತು, ಒಬ್ಬರು ಮೂಲ ಕಾಗದ ಓದೋದು, ಇನ್ನೊಬ್ಬರು ಸ್ಕ್ರೀನ್ ನೋಡೋದು, ಪ್ರತಿ ತಾರೀಖು ಮತ್ತು ಪ್ರತಿ ರೂಪಾಯಿ. ಒಂದು ಕಾಫಿ ಮುಗಿಯೋದರೊಳಗೆ ಆಯ್ತು. ಹಾಗೇ ಪ್ರತಿ ಸುತ್ತೋಲೆಗೂ ಅದರ ದಿನಾಂಕ, ಅದು ಯಾವ ಹಳೆಯದನ್ನ ರದ್ದು ಮಾಡುತ್ತೆ ಅನ್ನೋದನ್ನ ಬರೆದಿಟ್ವಿ. ಇಲ್ಲಾಂದ್ರೆ ಎರಡೂ ಚೆನ್ನಾಗಿ ಓದಿಸಿದ ಮೇಲೂ ಬಾಟ್ ಹಳೆಯದನ್ನೇ ಎತ್ತಬಹುದು.

ಪಠ್ಯ ಇದ್ದೂ ಇಲ್ಲದ ಪುಟ

ಕನ್ನಡ ಸಂಘದ ಪತ್ರಿಕೆಯಲ್ಲಿ ಇದನ್ನ ಹೇಳದೇ ಬಿಡೋಕಾಗಲ್ಲ. ಎರಡು ಸುತ್ತೋಲೆಗಳಲ್ಲಿ ಅಕ್ಷರಗಳ ಎಣಿಕೆ ಚೆನ್ನಾಗೇ ಬಂತು, ಸ್ಕ್ಯಾನ್ ಅಲ್ಲ. ತೆರೆದು ನೋಡಿದ್ರೆ "ಕನ್ನಡ" ಅಂತ ಇರಬೇಕಾದ ಕಡೆ `PÀ£ÀßqÀ` ಅಂತ ಇತ್ತು. ಯುನಿಕೋಡ್ ಬಳಸದ ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ಅದು. ಒಳಗೆ ಇರೋದು ಇಂಗ್ಲಿಷ್ ಮತ್ತು ಯುರೋಪಿಯನ್ ಅಕ್ಷರಗಳ ಸಂಕೇತ. ಫಾಂಟ್ ಅವುಗಳ ಜಾಗದಲ್ಲಿ ಕನ್ನಡದ ಆಕಾರ ಬಿಡಿಸುತ್ತೆ ಅಷ್ಟೇ. ಕಣ್ಣಿಗೆ ಅಚ್ಚುಕಟ್ಟಾದ ಕನ್ನಡ, ಬಾಟ್‌ಗೆ ಕಸ.

ಪತ್ತೆ ಹಚ್ಚೋದು ಸುಲಭ. ಕನ್ನಡ ಕಾಣೋ ಪುಟದಿಂದ ತೆಗೆದ ಪಠ್ಯದಲ್ಲಿ ಯುನಿಕೋಡ್‌ನ ಕನ್ನಡ ಭಾಗದ (`U+0C80`ರಿಂದ `U+0CFF`) ಒಂದು ಅಕ್ಷರವೂ ಇಲ್ಲ, `À` ಮತ್ತು `Á` ಮಾತ್ರ ರಾಶಿ ಇದೆ ಅಂದ್ರೆ ಅದೇ. `pdffonts` ಓಡಿಸಿದ್ರೆ ಫಾಂಟಿನ ಹೆಸರೂ ಸಿಗುತ್ತೆ. ಇದಕ್ಕೆ ಎರಡು ದಾರಿ. ಒಂದು, ನುಡಿಯಿಂದ ಯುನಿಕೋಡ್‌ಗೆ ಬದಲಾಯಿಸೋ ಪರಿವರ್ತಕ. ಇದು ಊಹೆ ಮಾಡಲ್ಲ, ಸಂಕೇತಕ್ಕೆ ಸಂಕೇತ ಬದಲಿಸುತ್ತೆ, ಹಾಗಾಗಿ ಓಸಿಆರ್‌ಗಿಂತ ನಿಖರ. ಆದ್ರೆ ಅದೇ ಪುಟದಲ್ಲಿ ಬೇರೆ ಫಾಂಟ್‌ನ ಇಂಗ್ಲಿಷ್ ಪದಗಳಿದ್ರೆ ಅವನ್ನೂ ಕನ್ನಡ ಅಂತ ತಿರುಗಿಸಿ ಹಾಳು ಮಾಡುತ್ತೆ. `pdfplumber` ಪ್ರತಿ ಅಕ್ಷರದ `fontname` ಕೊಡುತ್ತೆ, ಅದನ್ನ ನೋಡಿ ನುಡಿ ಅಕ್ಷರಗಳನ್ನ ಮಾತ್ರ ಪರಿವರ್ತಿಸಬೇಕು. ಇನ್ನೊಂದು ದಾರಿ, `--force-ocr` ಕೊಟ್ಟು ಇರೋ ಪಠ್ಯವನ್ನ ಮರೆತು, ಪುಟವನ್ನ ಚಿತ್ರ ಮಾಡಿ ಮತ್ತೆ ಓದಿಸೋದು. ಇಲ್ಲಿ `--skip-text` ಹಾಕಿದ್ರೆ ಉಪಯೋಗ ಇಲ್ಲ, ಪಠ್ಯ ಇದೆಯಲ್ಲ ಅಂತ ಅದು ಮುಂದೆ ಹೋಗುತ್ತೆ.

ನಾನು ಓದಿದ್ದೆಲ್ಲಾ ಇಂಗ್ಲಿಷ್ ಮೀಡಿಯಂ. ನನ್ನ ಕನ್ನಡ ಟೈಪಿಂಗ್ ಶುರುವಾಗಿದ್ದೇ ಯುನಿಕೋಡ್ ಫೋನ್‌ನಲ್ಲಿ. ಒಂದು ಕಾಗದ ಕನ್ನಡದಲ್ಲಿ ಇದ್ದೂ ಕಂಪ್ಯೂಟರ್‌ಗೆ ಕನ್ನಡ ಆಗಿರಲ್ಲ ಅನ್ನೋದು ನನಗೆ ಈ ಪ್ರಾಜೆಕ್ಟ್‌ನಲ್ಲೇ ಗೊತ್ತಾಗಿದ್ದು.

"ಫೋಟೋ ತೋರಿಸಿದ್ರೆ ಮಾಡೆಲ್ಲೇ ಓದುತ್ತಲ್ಲಾ?"

ಈ ಲೇಖನ ಬರೀತೀನಿ ಅಂದಾಗ ಕ್ಲಾಸಿನ ಒಬ್ಬ ಕೇಳಿದ ಪ್ರಶ್ನೆ ಇದು. ಈಗಿನ ಮಾಡೆಲ್‌ಗಳು ಚಿತ್ರ ನೋಡ್ತವೆ, ಪುಟವನ್ನ ಫೋಟೋ ಆಗಿ ಕೊಟ್ಟು "ಟೇಬಲ್ ಬರೆದುಕೊಡು" ಅಂದ್ರೆ ಮುಗೀತು, ಇಷ್ಟೆಲ್ಲಾ ಪರದಾಟ ಯಾಕೆ ಅಂತ.

ಅವನ ಮಾತಲ್ಲಿ ಅರ್ಧ ನಿಜ ಇದೆ. ಗೆರೆ ಇಲ್ಲದ, ಓರೆಯಾದ ಒಂದು ಕೋಷ್ಟಕವನ್ನ ನಾವು ಹಾಗೇ ಓದಿಸಿದ್ವಿ, ಉಳಿದ ಸಾಧನಗಳು ಕೈ ಚೆಲ್ಲಿದ್ದನ್ನ ಅದು ಚೆನ್ನಾಗಿ ಬಿಡಿಸಿಕೊಟ್ಟಿತು. ಆದ್ರೆ ಅದೇ ಕೋಷ್ಟಕದಲ್ಲಿ ಖಾಲಿ ಇದ್ದ ಒಂದು ಸೆಲ್‌ಗೆ 2 ಅಂತ ತುಂಬಿತ್ತು. ಸುತ್ತಲಿನ ಸಾಲುಗಳಲ್ಲೆಲ್ಲಾ 2 ಇತ್ತು, ಇಲ್ಲೂ ಇರಬೇಕು ಅನ್ನೋ ಹಾಗೆ. ಓಸಿಆರ್ ತಪ್ಪಿದಾಗ ಸಾಮಾನ್ಯವಾಗಿ ತಪ್ಪಿದ ಹಾಗೆ ಕಾಣುತ್ತೆ, ಮಧ್ಯದಲ್ಲಿ ವಿಚಿತ್ರ ಚಿಹ್ನೆ ಬರುತ್ತೆ, ಪದ ಒಡೆದಿರುತ್ತೆ. ಇದು ತಪ್ಪಿದಾಗಲೂ ಅಂದವಾಗೇ ಇರುತ್ತೆ. ನಮಗೆ ಗೊತ್ತಾಗಿದ್ದು `L + T + P/2` ಸೂತ್ರ ಸಿಟ್ಟು ಮಾಡಿಕೊಂಡಿದ್ದರಿಂದ.

ಹಾಗಾಗಿ ನನ್ನ ಅಭಿಪ್ರಾಯ: ಯಾರು ಓದಿದ್ರು ಅನ್ನೋದು ಮುಖ್ಯ ಅಲ್ಲ, ಓದಿದ್ದನ್ನ ಯಾರು ಪರೀಕ್ಷಿಸಿದ್ರು ಅನ್ನೋದು ಮುಖ್ಯ. ಅಕ್ಷರ ಇರೋ ಪಿಡಿಎಫ್ ಆದ್ರೆ ಒಳಗಿನ ಅಕ್ಷರಗಳನ್ನೇ ತೆಗೀರಿ, ಇರೋ ಅಂಕಿಯನ್ನ ಬಿಟ್ಟು ಚಿತ್ರದಿಂದ ಊಹಿಸೋದು ಯಾಕೆ? ಅಕ್ಷರ ಇಲ್ಲದ ಕಡೆ ಓಸಿಆರ್ ಇರಲಿ, ಮಾಡೆಲ್ ಇರಲಿ, ಎರಡನ್ನೂ ಓದಿಸಿ ಎಲ್ಲಿ ಬೇರೆ ಬೇರೆ ಬಂತೋ ಅಲ್ಲಿ ಮನುಷ್ಯರು ನೋಡಿ. ಯಾವುದನ್ನೂ ಪರೀಕ್ಷಿಸೋಕೆ ಆಗದ ಪುಟ ಇದ್ರೆ ಅದನ್ನ ಹೊರಗಿಡಿ. ಬಾಟ್ "ಈ ಸುತ್ತೋಲೆ ನನಗೆ ಓದೋಕೆ ಆಗಿಲ್ಲ, ಇಲ್ಲಿದೆ ಫೈಲ್, ನೀವೇ ನೋಡಿ" ಅಂದ್ರೆ ಯಾರ ದಂಡವೂ ಬೀಳಲ್ಲ.

ಆಫೀಸಿನವರಿಗೂ ಒಂದು ಮನವಿ ಇದೆ. ಪ್ರತಿ ಸುತ್ತೋಲೆಯೂ ಮೊದಲು ಒಂದು ಕಂಪ್ಯೂಟರ್‌ನಲ್ಲಿ ಟೈಪ್ ಆಗಿದ್ದೇ. ಸಹಿ, ಸೀಲ್ ಇರೋ ಸ್ಕ್ಯಾನ್ ಹಾಕಿ, ಅದು ಬೇಕು. ಅದರ ಪಕ್ಕದಲ್ಲೇ ಮೂಲ ಫೈಲನ್ನೂ ಯುನಿಕೋಡ್‌ನಲ್ಲಿ ಹಾಕಿಬಿಡಿ, ಕೋಷ್ಟಕ ಇದ್ರೆ ಎಕ್ಸೆಲ್ ಕೊಡಿ. ನಾವು ಒಂದು ಸೆಮಿಸ್ಟರ್ ಒದ್ದಾಡಿ ಚಿತ್ರದಿಂದ ಕಿತ್ತು ತೆಗೆದಿದ್ದು ನಿಮ್ಮ ಹತ್ರ ಮೊದಲಿಂದಲೂ ಸರಿಯಾಗೇ ಇತ್ತು. ನಾನು ಹೋಗಿ ಕೇಳಿದಾಗ ಅಲ್ಲಿನ ಮೇಡಂ "ಯಾರೂ ಕೇಳಿರಲಿಲ್ಲಮ್ಮ" ಅಂದ್ರು. ಮೂರು ಸುತ್ತೋಲೆಗಳ ವರ್ಡ್ ಫೈಲ್ ಅವತ್ತೇ ಪೆನ್‌ಡ್ರೈವ್‌ಗೆ ಹಾಕಿಕೊಟ್ರು.

ಈಗ ನಮ್ಮ ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ಒಂದು ಶೀಟ್ ಇದೆ. ಪ್ರತಿ ಫೈಲ್, ಪ್ರತಿ ಪುಟ, ಎಷ್ಟು ಅಕ್ಷರ ಬಂತು, ಕೋಷ್ಟಕದ ಮೊತ್ತ ತಾಳೆ ಆಯ್ತಾ, ತಾರೀಖುಗಳನ್ನ ಯಾರು ಓದಿದ್ರು. ಕೊನೆಯ ಕಾಲಂನಲ್ಲಿ ನಮ್ಮ ನಾಲ್ವರಲ್ಲಿ ಒಬ್ಬರ ಹೆಸರು ಇರಲೇಬೇಕು. ಹೆಸರಿಲ್ಲದ ಪುಟ ಬಾಟ್ ಒಳಗೆ ಹೋಗಲ್ಲ. ಆ ಫಸ್ಟ್ ಇಯರ್ ಹುಡುಗ ಈ ಸೆಮಿಸ್ಟರ್ ನಮ್ಮ ಟೀಮ್ ಸೇರಿದಾನೆ. ಪೂರಕ ಪರೀಕ್ಷೆಯ ಸುತ್ತೋಲೆಗಳ ಎದುರು ಈಗ ಅವನದೇ ಹೆಸರು.